ಕಡಿತವಾದ ಟಿಡಿಎಸ್ ಇಂಟಿಮೇಷನ್‌ನಲ್ಲಿ ಕಾಣದಿದ್ದರೆ: ಸೆಕ್ಷನ್ 154ರಡಿ ತಿದ್ದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ರಿಟರ್ನ್‌ನಲ್ಲಿ ಟಿಡಿಎಸ್ ಸರಿಯಾಗಿಯೇ ತೋರಿಸಿದ್ದೀರಿ, ಕಟ್ಟಬೇಕಾದ ತೆರಿಗೆ ಸೊನ್ನೆ ಎಂದೇ ಬಂದಿತ್ತು. ತಿಂಗಳುಗಳ ನಂತರ ಆದಾಯ ತೆರಿಗೆ ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರವಾದ ಬೆಂಗಳೂರಿನ ಸಿಪಿಸಿಯಿಂದ ಸೆಕ್ಷನ್ 143(1)ರ ಇಂಟಿಮೇಷನ್ ಬರುತ್ತದೆ. ಅದರಲ್ಲಿ ಸಂಬಳದಿಂದಲೋ ಠೇವಣಿ ಬಡ್ಡಿಯಿಂದಲೋ ಕಡಿತವಾದ ತೆರಿಗೆಯನ್ನು ಲೆಕ್ಕಕ್ಕೇ ಹಿಡಿಯದೆ, ಅಷ್ಟೂ ಹಣವನ್ನು ಬಡ್ಡಿ ಸಮೇತ ಕಟ್ಟಿ ಎಂದಿರುತ್ತದೆ. ಇದಕ್ಕೆ ಪರಿಹಾರ ಸೆಕ್ಷನ್ 154ರ ರೆಕ್ಟಿಫಿಕೇಷನ್. ಆದರೆ ಅರ್ಜಿ ಹಾಕಿದವರಲ್ಲಿ ಅನೇಕರಿಗೆ ಎರಡನೇ ಬಾರಿಯೂ ಅದೇ ಡಿಮ್ಯಾಂಡ್ ಬರುತ್ತದೆ. ಕಾರಣ ಸರಳ: ಸಿಪಿಸಿಯಲ್ಲಿ ಯಾರೂ ಕೂತು ನಿಮ್ಮ ಫಾರ್ಮ್ 16 ಓದುವುದಿಲ್ಲ. ಅಲ್ಲಿನ ಗಣಕ ನಿಮ್ಮ ರಿಟರ್ನ್‌ನ ಟಿಡಿಎಸ್ ಸಾಲುಗಳನ್ನು ಇಲಾಖೆಯ ದಾಖಲೆಯ ಜೊತೆ, ಅಂದರೆ ಫಾರ್ಮ್ 26ಎಎಸ್‌ನಲ್ಲಿ ನಿಮಗೆ ಕಾಣುವ ಅದೇ ಮಾಹಿತಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾಗದ ಸಾಲು ಬಿಟ್ಟುಹೋಗುತ್ತದೆ. ರೆಕ್ಟಿಫಿಕೇಷನ್ ಹಾಕಿದರೆ ಅದೇ ತಾಳೆ ಇನ್ನೊಮ್ಮೆ ನಡೆಯುತ್ತದೆ, ಅಷ್ಟೆ.

ಹಾಗಾಗಿ ಅರ್ಜಿಗೆ ಮೊದಲು ತಪ್ಪು ಯಾವ ಕಡೆ ಇದೆ ಎಂದು ಕಂಡುಕೊಳ್ಳಬೇಕು. ನಿಮ್ಮ ರಿಟರ್ನ್‌ನಲ್ಲೋ, ಕಡಿತ ಮಾಡಿದವರು ಕೊಟ್ಟ ಲೆಕ್ಕದಲ್ಲೋ, ಅಥವಾ ಎರಡೂ ಸರಿಯಿದ್ದು ಸಂಸ್ಕರಣೆಯ ಹೊತ್ತಿನಲ್ಲಿ ಮಾಹಿತಿ ಬಂದಿರಲಿಲ್ಲವೋ? ಯಾವ ಅರ್ಜಿ ಹಾಕಬೇಕು ಎಂಬುದು ಇದರ ಮೇಲೆ ನಿಂತಿದೆ.

ಮೊದಲು ಇಂಟಿಮೇಷನ್ ಓದಿ

ಇಮೇಲ್‌ಗೆ ಬಂದ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ಸಣ್ಣ ಅಕ್ಷರಗಳಲ್ಲಿ, ಅದಕ್ಕೆ ಅಂಟಿಸಿದಂತೆ ಹುಟ್ಟಿದ ದಿನಾಂಕ ಎಂಟು ಅಂಕಿಗಳಲ್ಲಿ. ಒಳಗೆ ಎರಡು ಕಾಲಂಗಳಿರುತ್ತವೆ: ನೀವು ರಿಟರ್ನ್‌ನಲ್ಲಿ ಕೊಟ್ಟದ್ದು ಒಂದರಲ್ಲಿ, 143(1)ರಡಿ ಸಿಪಿಸಿ ಲೆಕ್ಕ ಹಾಕಿದ್ದು ಇನ್ನೊಂದರಲ್ಲಿ. ಮೊದಲು ಒಟ್ಟು ಆದಾಯದ ಸಾಲು ನೋಡಿ. ಅದು ಎರಡೂ ಕಡೆ ಒಂದೇ ಇದ್ದು, ಟಿಡಿಎಸ್ ಸಾಲಿನಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಈ ಮಾರ್ಗದರ್ಶಿ ನಿಮಗೆ. ಆದಾಯವನ್ನೇ ಹೆಚ್ಚಿಸಿದ್ದರೆ ಅದು ಬೇರೆ ತಕರಾರು. ಟಿಡಿಎಸ್ ಅರ್ಜಿಯಿಂದ ಬಗೆಹರಿಯದು.

ವ್ಯತ್ಯಾಸದ ಮೊತ್ತ ಬರೆದಿಟ್ಟುಕೊಳ್ಳಿ. ಅದು ಒಬ್ಬ ಕಡಿತದಾರರ ಮೊತ್ತಕ್ಕೆ ಸರಿಯಾಗಿ ಹೊಂದಿದರೆ ಆ ಸಾಲು ಇಡಿಯಾಗಿ ತಾಳೆಯಾಗಿಲ್ಲ ಎಂದರ್ಥ. ಯಾವುದಕ್ಕೂ ಹೊಂದದ ಬಿಡಿ ಮೊತ್ತವಾಗಿದ್ದರೆ ಒಂದು ಸಾಲಿಗೆ ಭಾಗಶಃ ಮಾತ್ರ ಜಮೆ ಸಿಕ್ಕಿದೆ.

26ಎಎಸ್ ಪಕ್ಕಕ್ಕಿಟ್ಟು ತಾಳೆ ನೋಡಿ

incometax.gov.in ಗೆ ಲಾಗಿನ್ ಆಗಿ e-File > Income Tax Returns > View Form 26AS ಒತ್ತಿದರೆ ಟ್ರೇಸಸ್ ತಾಣಕ್ಕೆ ಹೋಗುತ್ತೀರಿ. ಅಲ್ಲಿ ಅಸೆಸ್‌ಮೆಂಟ್ ವರ್ಷ ಸರಿಯಾಗಿ ಆರಿಸಿ; 2024-25ರ ಗಳಿಕೆಗೆ ಅಸೆಸ್‌ಮೆಂಟ್ ವರ್ಷ 2025-26. ಇಲ್ಲಿ ಒಂದು ವರ್ಷ ಆಚೀಚೆ ನೋಡಿ ಗಾಬರಿಯಾಗುವವರು ಕಡಿಮೆಯಿಲ್ಲ.

ಪ್ರತಿ ಕಡಿತದಾರರಿಗೆ ನಾಲ್ಕು ಸಂಗತಿ ತಾಳೆ ನೋಡಿ: ಕಡಿತದಾರರ ಗುರುತಿನ ಸಂಖ್ಯೆಯಾದ ಟ್ಯಾನ್, ಯಾವ ಸೆಕ್ಷನ್, ಟಿಡಿಎಸ್ ಮೊತ್ತ, ಮತ್ತು ಬುಕಿಂಗ್ ಸ್ಟೇಟಸ್. ಕೊನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲ್ಲಿ F ಇದ್ದರೆ ಹಣ ಸರ್ಕಾರಕ್ಕೆ ಸೇರಿ ಚಲನ್ ಜೊತೆ ತಾಳೆಯಾಗಿದೆ. U ಇದ್ದರೆ ಕಡಿತದಾರರು ಲೆಕ್ಕ ಕೊಟ್ಟಿದ್ದಾರೆ, ಆದರೆ ಚಲನ್ ಹೊಂದುತ್ತಿಲ್ಲ. O ಇದ್ದರೆ ಚಲನ್‌ನಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಮೊತ್ತವನ್ನು ಲೆಕ್ಕದಲ್ಲಿ ತೋರಿಸಿದ್ದಾರೆ. F ಬಾರದೆ ಅರ್ಜಿ ಹಾಕುವುದು ಸಮಯ ವ್ಯರ್ಥ.

ಈ ತಾಳೆಯಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪುಗಳು ಹೀಗಿರುತ್ತವೆ.

ಟ್ಯಾನ್ ತಪ್ಪು. ಟ್ಯಾನ್ ಎಂದರೆ ನಾಲ್ಕು ಅಕ್ಷರ, ಐದು ಅಂಕಿ, ಕೊನೆಗೊಂದು ಅಕ್ಷರ. ಕೈಯಲ್ಲಿ ಟೈಪ್ ಮಾಡುವಾಗ ಒಂದಂಕಿ ಬದಲಾದರೂ ಸಾಲು ಬಿದ್ದುಹೋಗುತ್ತದೆ. ಒಂದೇ ಸಂಸ್ಥೆಗೆ ಹಲವು ಟ್ಯಾನ್‌ಗಳಿರುವುದೂ ಉಂಟು. ಒಂದು ಶಾಖೆಯ ಟ್ಯಾನ್ ಹಾಕಿ ಇನ್ನೊಂದು ಶಾಖೆ ಕಡಿತ ಮಾಡಿದ ಹಣ ಕೇಳಿದರೆ ಹೆಸರು ಒಂದೇ ಇದ್ದರೂ ಪ್ರಯೋಜನವಿಲ್ಲ.

ಷೆಡ್ಯೂಲ್ ತಪ್ಪು. ಸಂಬಳದ ಟಿಡಿಎಸ್ ಅನ್ನು ಸಂಬಳೇತರ ಟಿಡಿಎಸ್ ಪಟ್ಟಿಯಲ್ಲಿ, ಅಥವಾ ಆಸ್ತಿ ಮಾರಾಟದ್ದನ್ನು ಸಾಮಾನ್ಯ ಪಟ್ಟಿಯಲ್ಲಿ ಬರೆದಿರುವುದು.

ಆದಾಯ ಕಡಿಮೆ ತೋರಿಸಿದ್ದು. ಭಾಗಶಃ ಜಮೆಗೆ ಬಹುಪಾಲು ಇದೇ ಕಾರಣ. ನಿಯಮ 37ಬಿಎ ಪ್ರಕಾರ ಆದಾಯ ಯಾವ ವರ್ಷದಲ್ಲಿ ತೆರಿಗೆಗೆ ಬರುತ್ತದೋ ಆ ವರ್ಷವೇ ಅದರ ಟಿಡಿಎಸ್ ಜಮೆ. ಆದಾಯ ವರ್ಷಗಳಲ್ಲಿ ಹಂಚಿಹೋದರೆ ಜಮೆಯೂ ಅದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ. 26ಎಎಸ್‌ನಲ್ಲಿ 5,00,000 ರೂಪಾಯಿ ಪಾವತಿ, 50,000 ಟಿಡಿಎಸ್ ಇದೆ ಎನ್ನಿ. ನೀವು 3,00,000 ಮಾತ್ರ ಆದಾಯವೆಂದು ತೋರಿಸಿ ಪೂರ್ತಿ 50,000 ಕೇಳಿದ್ದರೆ 30,000ಕ್ಕಷ್ಟೇ ಜಮೆ ಸಿಗಬಹುದು. ಇದು ಸಿಪಿಸಿಯ ತಪ್ಪಲ್ಲ, ರೆಕ್ಟಿಫಿಕೇಷನ್‌ನಿಂದ ಮಾಯವಾಗುವುದೂ ಇಲ್ಲ.

ಇನ್ನು 26ಎಎಸ್‌ನಲ್ಲಿ ಆ ಸಾಲೇ ಇಲ್ಲದಿದ್ದರೆ, ಒಂದೋ ಕಡಿತದಾರರು ತ್ರೈಮಾಸಿಕ ಲೆಕ್ಕ ಸಲ್ಲಿಸಿಲ್ಲ, ಇಲ್ಲವೇ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದ್ದಾರೆ, ಇಲ್ಲವೇ ಹಣವನ್ನೇ ಕಟ್ಟಿಲ್ಲ. ಮೊದಲೆರಡು ತಿದ್ದಬಹುದಾದವು. ಮೂರನೆಯದಕ್ಕೆ ದಾರಿ ಬೇರೆ, ಮುಂದೆ ಬರುತ್ತದೆ.

ಅಂಕಿಗಳಲ್ಲಿ ಒಂದು ಉದಾಹರಣೆ

2024-25ರಲ್ಲಿ ಕೆಲಸ ಬದಲಿಸಿದ ಒಬ್ಬ ನೌಕರರನ್ನು ಊಹಿಸಿಕೊಳ್ಳಿ. ಮೊದಲ ಕಂಪನಿಯಲ್ಲಿ ಆರು ತಿಂಗಳು 6,00,000, ಎರಡನೆಯದರಲ್ಲಿ ಆರು ತಿಂಗಳು 6,00,000 ಸಂಬಳ. ಬ್ಯಾಂಕ್ ಠೇವಣಿ ಬಡ್ಡಿ 75,000. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಒಟ್ಟು ಆದಾಯ 12,00,000. ತೆರಿಗೆ 80,000, ಶೇ. 4 ಸೆಸ್ 3,200, ಒಟ್ಟು 83,200. ಟಿಡಿಎಸ್: ಮೊದಲ ಕಂಪನಿ 32,000, ಎರಡನೆಯದು 43,700, ಬ್ಯಾಂಕ್ 7,500. ಕೂಡಿದರೆ 83,200, ಕೊಡುವುದೂ ಇಲ್ಲ, ಬರುವುದೂ ಇಲ್ಲ.

2025ರ ನವೆಂಬರ್ 18ರಂದು ಬಂದ ಇಂಟಿಮೇಷನ್‌ನಲ್ಲಿ ಎರಡನೇ ಕಂಪನಿಯ 43,700 ಬಿಟ್ಟುಹೋಗಿದೆ. ಆದರೆ ಡಿಮ್ಯಾಂಡ್ 49,400. ಉಳಿದ ಹಣ ಎಲ್ಲಿಂದ ಬಂತು? ಟಿಡಿಎಸ್ ಕಳೆದ ಮೇಲೆ ಬಾಕಿ 10,000 ದಾಟಿದರೆ ಮುಂಗಡ ತೆರಿಗೆ ಕಟ್ಟಬೇಕಿತ್ತು ಎಂಬುದು ಕಾನೂನಿನ ನಿಲುವು. ಈಗ ಬಾಕಿ 43,700 ಎಂದು ಗಣಕ ತಿಳಿದಿರುವುದರಿಂದ ಸೆಕ್ಷನ್ 234ಬಿ ಬಡ್ಡಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ತಿಂಗಳಿಗೆ ಶೇ. 1ರಂತೆ ಎಂಟು ತಿಂಗಳಿಗೆ 3,496. ಸೆಕ್ಷನ್ 234ಸಿ ಬಡ್ಡಿ ನಾಲ್ಕು ಕಂತುಗಳಿಗೆ ಕ್ರಮವಾಗಿ 195, 588, 981 ಮತ್ತು 437, ಒಟ್ಟು 2,201. ಎಲ್ಲ ಕೂಡಿ 49,397. ಹತ್ತರ ಗುಣಕಕ್ಕೆ ತಂದರೆ 49,400.

ಈ ಲೆಕ್ಕ ಒಮ್ಮೆ ಕೈಯಲ್ಲಿ ಹಾಕಿ ನೋಡುವುದು ಒಳ್ಳೆಯದು. ಡಿಮ್ಯಾಂಡ್ ಇಡಿಯಾಗಿ ಬಿಟ್ಟ ಟಿಡಿಎಸ್ ಮತ್ತು ಅದರ ಬಡ್ಡಿಯಿಂದಲೇ ಬಂದಿದ್ದರೆ, ಜಮೆ ಸಿಕ್ಕ ದಿನ ಬಡ್ಡಿಯೂ ತಾನಾಗಿ ಹೋಗುತ್ತದೆ. ಬಡ್ಡಿ ಮನ್ನಾಕ್ಕೆ ಬೇರೆ ಅರ್ಜಿ ಬೇಡ.

ಈ ನೌಕರರು 26ಎಎಸ್ ತೆರೆದಾಗ ಎರಡನೇ ಕಂಪನಿಯ ಸಾಲೇ ಇಲ್ಲ. ಆ ಕಂಪನಿ ಕೊಟ್ಟ ಫಾರ್ಮ್ 16ರಲ್ಲೂ ಟ್ರೇಸಸ್‌ನಿಂದ ಬರಬೇಕಾದ ಭಾಗ ಎ ಇಲ್ಲ, ಕಂಪನಿಯೇ ತಯಾರಿಸಿದ ಭಾಗ ಬಿ ಮಾತ್ರ ಇದೆ. ಇದು ದೊಡ್ಡ ಸುಳಿವು: ಭಾಗ ಎ ಹುಟ್ಟುವುದೇ ಸಲ್ಲಿಸಿದ ಲೆಕ್ಕದಿಂದ, ಪ್ಯಾನ್‌ವಾರು. ಅದಿಲ್ಲ ಎಂದರೆ ಇವರ ಪ್ಯಾನ್‌ನಲ್ಲಿ ಲೆಕ್ಕ ಸೇರಿಲ್ಲ. ವಿಚಾರಿಸಿದರೆ ಪೇರೋಲ್‌ನಲ್ಲಿ ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿತ್ತು.

ಡಿಮ್ಯಾಂಡ್‌ಗೆ ಮೊದಲು ಉತ್ತರ ಕೊಡಿ

ತಪ್ಪು ಸರಿಪಡಿಸಲು ವಾರಗಳು ಹಿಡಿಯಬಹುದು. ಡಿಮ್ಯಾಂಡ್ ಸುಮ್ಮನೆ ಕೂರುವುದಿಲ್ಲ: 30 ದಿನ ಕಳೆದರೆ ಸೆಕ್ಷನ್ 220(2)ರಡಿ ತಿಂಗಳಿಗೆ ಶೇ. 1 ಬಡ್ಡಿ ಶುರು, ಬೇರೆ ವರ್ಷದ ರೀಫಂಡ್ ಇದ್ದರೆ ಸೆಕ್ಷನ್ 245ರಡಿ ಅದಕ್ಕೆ ಹೊಂದಿಸಿಕೊಳ್ಳುವ ಸಾಧ್ಯತೆಯೂ ಇದೆ. ಆದ್ದರಿಂದ Pending Actions > Response to Outstanding Demand ಗೆ ಹೋಗಿ Disagree with demand ಆರಿಸಿ, ಟಿಡಿಎಸ್ ಜಮೆ ಸಿಗದಿರುವುದೇ ಕಾರಣ ಎಂದು ಮೊತ್ತ ಸಹಿತ ದಾಖಲಿಸಿ. Demand is correct ಒತ್ತಬೇಡಿ. ಒಮ್ಮೆ ಸರಿಯೆಂದು ಒಪ್ಪಿದ ಮೇಲೆ ಅದೇ ಪುಟದಲ್ಲಿ ಅಸಮ್ಮತಿ ಸೂಚಿಸಲಾಗದು. ಈ ಉತ್ತರ ರೆಕ್ಟಿಫಿಕೇಷನ್ ಅಲ್ಲ ಎಂಬುದೂ ನೆನಪಿರಲಿ. ಇದನ್ನು ಕೊಟ್ಟು ಕೆಲಸ ಮುಗಿಯಿತೆಂದು ಕೂತವರಿಗೆ ವರ್ಷಗಳ ನಂತರ ರೀಫಂಡ್ ಮುರಿದುಕೊಂಡಾಗಲೇ ಎಚ್ಚರವಾಗುವುದು.

"ಮೊದಲು ಕಟ್ಟಿಬಿಡಿ, ಆಮೇಲೆ ವಾಪಸ್ ಬರುತ್ತೆ" ಎನ್ನುವ ಸಲಹೆಯೂ ಸಿಗುತ್ತದೆ. ಒಮ್ಮೆ ಕಡಿತವಾದ ಹಣವನ್ನು ಎರಡನೇ ಸಲ ಕಟ್ಟಲು ನಮಗೆ ಕಾರಣ ಕಾಣುವುದಿಲ್ಲ.

ಕಡಿತದಾರರಿಂದ ತಿದ್ದಿಸುವುದು

ಕಂಪನಿಗೋ ಬ್ಯಾಂಕಿಗೋ ಬರೆಯುವಾಗ "ಟಿಡಿಎಸ್ ಕಾಣುತ್ತಿಲ್ಲ, ಸರಿಮಾಡಿ" ಎಂದರೆ ಸಾಲದು. ಯಾವ ತ್ರೈಮಾಸಿಕ, ಯಾವ ಮೊತ್ತ, ನಿಮ್ಮ ಸರಿಯಾದ ಪ್ಯಾನ್ ಯಾವುದು ಎಂದು ಬರೆದು, ತಿದ್ದುಪಡಿ ಲೆಕ್ಕ, ಅಂದರೆ ಕರೆಕ್ಷನ್ ಸ್ಟೇಟ್‌ಮೆಂಟ್ ಸಲ್ಲಿಸಲು ಕೇಳಿ. ಸಂಬಳಕ್ಕೆ ಅದು 24ಕ್ಯೂ, ಸಂಬಳೇತರ ಪಾವತಿಗೆ 26ಕ್ಯೂ. ನಮ್ಮ ಉದಾಹರಣೆಯಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಸಂಬಳ, ಹಾಗಾಗಿ ಮೂರು ಮತ್ತು ನಾಲ್ಕನೇ ತ್ರೈಮಾಸಿಕ ಎರಡನ್ನೂ ತಿದ್ದಬೇಕು. ಒಂದನ್ನೇ ತಿದ್ದಿ ಬಿಟ್ಟರೆ ಅರ್ಧ ಡಿಮ್ಯಾಂಡ್ ಹಾಗೇ ಉಳಿಯುತ್ತದೆ. ಮನೆ ಮಾರಿದಾಗ ಕೊಂಡವರು ಕಡಿತ ಮಾಡಿದ್ದಾದರೆ ಅವರು ತುಂಬಿದ 26ಕ್ಯೂಬಿಯನ್ನೇ ಅವರು ತಿದ್ದಬೇಕು.

ತಿದ್ದುಪಡಿ ಸಲ್ಲಿಸಿದ್ದಕ್ಕೆ ಟೋಕನ್ ಸಂಖ್ಯೆ ಮತ್ತು ದಿನಾಂಕ ಕೇಳಿ ಪಡೆಯಿರಿ. "ಮಾಡಿದ್ದೇವೆ" ಎಂಬ ಬಾಯಿಮಾತಿಗೂ ಟೋಕನ್ ಸಂಖ್ಯೆಗೂ ಬಹಳ ಅಂತರ. ಆಮೇಲೆ 26ಎಎಸ್ ಆಗಾಗ ನೋಡುತ್ತಿರಿ. ಸಾಲು F ಸ್ಥಿತಿಯಲ್ಲಿ ಬಂದ ಮೇಲಷ್ಟೇ ಮುಂದಿನ ಹೆಜ್ಜೆ.

ಯಾವ ಅರ್ಜಿ ಆರಿಸಬೇಕು

Services > Rectification > New Request ಗೆ ಹೋಗಿ Income Tax ಮತ್ತು ಅಸೆಸ್‌ಮೆಂಟ್ ವರ್ಷ ಆರಿಸಿದ ಮೇಲೆ ಹಲವು ಬಗೆಯ ವಿನಂತಿಗಳು ಕಾಣುತ್ತವೆ. ಟಿಡಿಎಸ್ ವಿಷಯಕ್ಕೆ ಮುಖ್ಯವಾದವು ಎರಡು.

Reprocess the return: ನಿಮ್ಮ ರಿಟರ್ನ್ ಅಕ್ಷರಶಃ ಸರಿಯಿದ್ದು, 26ಎಎಸ್ ಈಗ ಸರಿಹೋಗಿದ್ದರೆ ಇದು. ಇಲ್ಲಿ ತುಂಬುವುದೇನೂ ಇಲ್ಲ; ಅದೇ ರಿಟರ್ನ್ ಈಗಿನ ದಾಖಲೆಯ ಜೊತೆ ಮತ್ತೆ ತಾಳೆಯಾಗುತ್ತದೆ. ನಮ್ಮ ನೌಕರರು ರಿಟರ್ನ್‌ನಲ್ಲಿ ಟ್ಯಾನ್ ಮತ್ತು ಮೊತ್ತ ಸರಿಯಾಗಿಯೇ ಬರೆದಿದ್ದರು, ಹಾಗಾಗಿ ಅವರಿಗೆ ಇದು ಸಾಕು.

Tax credit mismatch correction: ರಿಟರ್ನ್‌ನ ಟಿಡಿಎಸ್ ಸಾಲಿನಲ್ಲೇ ತಪ್ಪಿದ್ದರೆ ಇದು. ಸಂಸ್ಕರಿಸಿದ ರಿಟರ್ನ್‌ನಲ್ಲಿದ್ದ ಸಂಬಳದ ಟಿಡಿಎಸ್, ಸಂಬಳೇತರ ಟಿಡಿಎಸ್, ಆಸ್ತಿ ಮಾರಾಟದ ಟಿಡಿಎಸ್, ಟಿಸಿಎಸ್, ಮುಂಗಡ ತೆರಿಗೆಯ ಪಟ್ಟಿಗಳು ತಾವಾಗಿ ತುಂಬಿಕೊಂಡು ಬರುತ್ತವೆ. ತಪ್ಪಿದ ಸಾಲನ್ನು ತೆರೆದು ಟ್ಯಾನ್ ಅಥವಾ ಮೊತ್ತವನ್ನು 26ಎಎಸ್‌ನಲ್ಲಿ ಇದ್ದಂತೆಯೇ ತಿದ್ದಿ. ಸರಿಯಿರುವ ಸಾಲುಗಳನ್ನು ಮುಟ್ಟಬೇಡಿ. ಅಕಸ್ಮಾತ್ ಅಳಿಸಿದರೆ ಸಿಕ್ಕಿದ್ದ ಜಮೆಯೂ ಕೈತಪ್ಪಬಹುದು. ಸಲ್ಲಿಸುವ ಮೊದಲು ಪಟ್ಟಿಗಳ ಒಟ್ಟು ಮೊತ್ತ ಕೂಡಿ ನೋಡಿ.

ಮೂಲ ರಿಟರ್ನ್‌ನಲ್ಲಿ ಕೇಳದೇ ಇದ್ದ ಟಿಡಿಎಸ್ ಅನ್ನು ಇಲ್ಲಿ ಹೊಸದಾಗಿ ಸೇರಿಸಿ ಕೇಳುವಂತಿಲ್ಲ. ಆಗ ಪರಿಷ್ಕೃತ ರಿಟರ್ನ್‌ನ ಕೊನೆಯ ದಿನ ಇನ್ನೂ ಕಳೆದಿಲ್ಲವಾದರೆ ಅದನ್ನು ಸಲ್ಲಿಸುವುದೇ ಸರಿ. 143(1) ಇಂಟಿಮೇಷನ್ ಬಂದಿದೆ ಎಂಬುದು ಅದಕ್ಕೆ ಅಡ್ಡಿಯಲ್ಲ. ಅಸೆಸ್‌ಮೆಂಟ್ ವರ್ಷ 2025-26ಕ್ಕೆ ಆ ದಿನ 2025ರ ಡಿಸೆಂಬರ್ 31 ಆಗಿತ್ತು. ಆದಾಯ ಕಡಿಮೆ ತೋರಿಸಿದ್ದರಿಂದ ಜಮೆ ತುಂಡಾದವರಿಗೂ ಇದೇ ದಾರಿ.

ಸಲ್ಲಿಸುವಾಗ ದೃಢೀಕರಣ ಕೇಳಿದರೆ ಆಧಾರ್ ಒಟಿಪಿಯಿಂದ ಮುಗಿಸಿ, ಬಂದ ಉಲ್ಲೇಖ ಸಂಖ್ಯೆಯನ್ನು ಉಳಿಸಿಕೊಳ್ಳಿ. ಒಮ್ಮೆ ಸಲ್ಲಿಸಿದ್ದನ್ನು ಹಿಂಪಡೆಯಲಾಗದು, ಅದು ಇತ್ಯರ್ಥವಾಗುವವರೆಗೆ ಅದೇ ವರ್ಷಕ್ಕೆ ಇನ್ನೊಂದು ಹಾಕಲೂ ಆಗದು. 26ಎಎಸ್ ಸರಿಹೋಗುವ ಮೊದಲೇ ಆತುರಪಟ್ಟರೆ ಸರತಿಯಲ್ಲಿ ನಿಮ್ಮದೇ ಹಳೆಯ ಅರ್ಜಿ ನಿಮಗೆ ಅಡ್ಡ ನಿಲ್ಲುತ್ತದೆ.

ಕಾಲಮಿತಿ

ತಿದ್ದಬೇಕಾದ ಆದೇಶ ಹೊರಟ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷದೊಳಗೆ ರೆಕ್ಟಿಫಿಕೇಷನ್ ಸಾಧ್ಯ. ನವೆಂಬರ್ 2025ರ ಇಂಟಿಮೇಷನ್‌ಗೆ ಅದು 2030ರ ಮಾರ್ಚ್ 31. ಅರ್ಜಿ ಬಂದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ಇಲಾಖೆ ತೀರ್ಮಾನಿಸಬೇಕೆಂದು 154(8) ಹೇಳುತ್ತದೆ. ನಮ್ಮ ನೌಕರರು 2025ರ ಡಿಸೆಂಬರ್ 17ರಂದು ಹಾಕಿದ್ದರೆ ಆ ಗಡುವು 2026ರ ಜೂನ್ 30. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ. ಆದರೆ ಅದಕ್ಕೆ ಹಿಂದಿನ ವರ್ಷಗಳ ಆದಾಯದ ವಿಷಯ 1961ರ ಕಾಯ್ದೆಯಂತೆಯೇ ನಡೆಯುತ್ತದೆ.

ಮೇಲ್ಮನವಿಯ 30 ದಿನದ ಅವಧಿ ಇದಕ್ಕಾಗಿ ನಿಲ್ಲುವುದಿಲ್ಲ. ದಾಖಲೆಯ ಮುಖದಲ್ಲೇ ಕಾಣುವ ತಪ್ಪಿಗೆ ರೆಕ್ಟಿಫಿಕೇಷನ್ ಸಾಕು. ಆದರೆ ವಾದ ಮಾಡಬೇಕಾದ ಪ್ರಶ್ನೆಯಿದ್ದರೆ, ಉದಾಹರಣೆಗೆ ಆದಾಯ ಯಾವ ವರ್ಷಕ್ಕೆ ಸೇರಬೇಕು ಎಂಬಂಥದ್ದು, ಅದು ಸೆಕ್ಷನ್ 154ರ ವ್ಯಾಪ್ತಿಗೆ ಬರದು.

ಇದಕ್ಕೊಂದು ವಿಶೇಷ ಅಪವಾದವಿದೆ. ಆದಾಯವನ್ನು ನೀವು ಹಿಂದಿನ ವರ್ಷವೇ ತೋರಿಸಿ ತೆರಿಗೆ ಕಟ್ಟಿದ್ದೀರಿ, ಆದರೆ ಎದುರಿನವರು ಮುಂದಿನ ವರ್ಷ ಹಣ ಕೊಡುವಾಗ ಟಿಡಿಎಸ್ ಹಿಡಿದರು ಎಂದಾದರೆ, ಸೆಕ್ಷನ್ 155(20)ರಡಿ ಫಾರ್ಮ್ 71 ಸಲ್ಲಿಸಿ ಹಿಂದಿನ ವರ್ಷಕ್ಕೇ ಜಮೆ ಕೇಳಬಹುದು. ಇದು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದದ್ದು. ಕಡಿತವಾದ ಹಣಕಾಸು ವರ್ಷ ಮುಗಿದು ಎರಡು ವರ್ಷದೊಳಗೆ ಸಲ್ಲಿಸಬೇಕು.

ಕಂಪನಿ ಹಣವನ್ನೇ ಕಟ್ಟದಿದ್ದರೆ

ಸಂಬಳದಿಂದ ಹಿಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದೆ ಬಾಗಿಲು ಮುಚ್ಚಿದ ಕಂಪನಿಗಳ ನೌಕರರ ಪಾಡು ಕಷ್ಟದ್ದು. 26ಎಎಸ್‌ನಲ್ಲಿ ಸಾಲು ಎಂದೂ ಬಾರದು, ಸಿಪಿಸಿಯಿಂದ ಎಷ್ಟು ಬಾರಿ ಸಂಸ್ಕರಿಸಿದರೂ ಫಲ ಒಂದೇ. ಇಲ್ಲಿ ನೆರವಿಗೆ ಬರುವುದು ಸೆಕ್ಷನ್ 205: ಮೂಲದಲ್ಲಿ ತೆರಿಗೆ ಕಡಿತವಾಗಿದ್ದರೆ, ಕಡಿತವಾದ ಮಟ್ಟಿಗೆ ಅದನ್ನು ನೌಕರರಿಂದ ನೇರವಾಗಿ ವಸೂಲು ಮಾಡುವಂತಿಲ್ಲ. ಇಲಾಖೆಯ ಮೇಲಿನ ನೇರ ತೆರಿಗೆಗಳ ಕೇಂದ್ರ ಮಂಡಳಿಯಾದ ಸಿಬಿಡಿಟಿ 2015ರ ಜೂನ್ 1ರಂದು ಬರೆದ ಪತ್ರ ಮತ್ತು 2016ರ ಮಾರ್ಚ್ 11ರ ಜ್ಞಾಪನ ಅಧಿಕಾರಿಗಳಿಗೆ ಇದನ್ನೇ ನೆನಪಿಸಿವೆ. ಒಂದು ಸೂಕ್ಷ್ಮ ಗಮನಿಸಿ: ಇವು ವಸೂಲಿಯನ್ನು ತಡೆಯುತ್ತವೆ. 26ಎಎಸ್‌ನಲ್ಲಿಲ್ಲದ ಹಣಕ್ಕೆ ಜಮೆ ಕೊಟ್ಟು ರೀಫಂಡ್ ಹೊರಡಿಸುವುದು ಬೇರೆಯೇ ಮಾತು, ಅದಕ್ಕೆ ಅಧಿಕಾರಿಗಳು ಸುಲಭವಾಗಿ ಒಪ್ಪುವುದಿಲ್ಲ.

ಈ ಅರ್ಜಿ ಹೋಗಬೇಕಾದದ್ದು ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ. ರೆಕ್ಟಿಫಿಕೇಷನ್ ಹಕ್ಕು ಅವರಿಗೆ ವರ್ಗವಾಗಿದೆ ಎಂದು ಪೋರ್ಟಲ್ ತಿಳಿಸಿದಾಗಲೂ ಅಷ್ಟೆ. Services > Rectification ಒಳಗೆ Request to AO seeking rectification ಎಂಬ ಆಯ್ಕೆ ಇದೆ. ಸಿಪಿಸಿಗೆ ಬೇಡವಾದ ಕಾಗದಗಳಿಗೆ ಇಲ್ಲಿ ಬೆಲೆಯಿದೆ: ಕಡಿತ ಕಾಣುವ ಪ್ರತಿ ತಿಂಗಳ ಸಂಬಳ ಚೀಟಿ, ಅದೇ ನಿವ್ವಳ ಮೊತ್ತ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, ಕಂಪನಿಗೆ ನೀವು ಬರೆದ ಪತ್ರಗಳು. ಇವುಗಳಲ್ಲಿ ಹೆಚ್ಚು ತೂಕ ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ. ಒಟ್ಟು ಸಂಬಳ ಕಳೆದು ಕಡಿತಗಳು, ಕಳೆದು ಟಿಡಿಎಸ್, ಉಳಿದದ್ದು ಖಾತೆಗೆ ಬಂದ ಮೊತ್ತ ಎಂದು ತಿಂಗಳುವಾರು ಒಂದು ಪಟ್ಟಿ ಮಾಡಿಕೊಟ್ಟರೆ, ಕಡಿತ ನಿಜವಾಗಿ ನಡೆದಿದೆ ಎಂಬುದು ಅಧಿಕಾರಿಗೆ ಒಂದೇ ಪುಟದಲ್ಲಿ ಕಾಣುತ್ತದೆ. ಕೋರಿಕೆಯನ್ನು ಎರಡು ಭಾಗ ಮಾಡಿ: ಒಂದು, ಜಮೆ ಕೊಟ್ಟು ಇಂಟಿಮೇಷನ್ ತಿದ್ದಿ, ಎರಡು, ಅದು ಇತ್ಯರ್ಥವಾಗುವವರೆಗೆ ಸೆಕ್ಷನ್ 205ರಂತೆ ವಸೂಲಿ ಮಾಡಬೇಡಿ, ಬೇರೆ ರೀಫಂಡ್‌ನಿಂದ ಮುರಿದುಕೊಳ್ಳಬೇಡಿ.

ಆದೇಶ ಬಂದ ಮೇಲೆ

Services > Rectification ಪುಟದಲ್ಲೇ ಅರ್ಜಿಯ ಸ್ಥಿತಿ ಕಾಣುತ್ತದೆ. 154ರ ಆದೇಶ ಬಂದಾಗ ಟಿಡಿಎಸ್ ಸಾಲು ಮಾತ್ರ ನೋಡಿ ಖುಷಿಪಡದೆ, 234ಬಿ ಮತ್ತು 234ಸಿ ಸಾಲುಗಳನ್ನೂ ನೋಡಿ. ನಮ್ಮ ಉದಾಹರಣೆಯಲ್ಲಿ ಟಿಡಿಎಸ್ 83,200, ಎರಡೂ ಬಡ್ಡಿ ಸೊನ್ನೆ, ನಿವ್ವಳ ಸೊನ್ನೆ ಬರಬೇಕು. ಅದಾಗಿ ಕೆಲವು ದಿನಕ್ಕೆ Response to Outstanding Demand ಪುಟ ಮತ್ತೆ ತೆರೆದು ಹಳೆಯ 49,400 ಹೋಗಿದೆಯೇ ಖಚಿತಪಡಿಸಿಕೊಳ್ಳಿ.

ಹಿಂದಿನದೇ ಡಿಮ್ಯಾಂಡ್ ಮರಳಿ ಬಂದರೆ ಅದೇ ಅರ್ಜಿಯನ್ನು ಮತ್ತೆ ಒತ್ತಬೇಡಿ. 26ಎಎಸ್ ಇನ್ನೊಮ್ಮೆ ಇಳಿಸಿ ಟ್ಯಾನ್, ಮೊತ್ತ, ಸ್ಥಿತಿ ಮೂರನ್ನೂ ರಿಟರ್ನ್‌ನ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ಹೆಚ್ಚಿನ ಸಲ ಯಾವುದೋ ಒಂದು ತ್ರೈಮಾಸಿಕ ಇನ್ನೂ U ಆಗಿಯೇ ಉಳಿದಿರುತ್ತದೆ. ಎಲ್ಲವೂ ಹೊಂದಿಯೂ ಜಮೆ ಸಿಗದಿದ್ದರೆ ಪೋರ್ಟಲ್‌ನ Grievances ವಿಭಾಗದಲ್ಲಿ ಸಿಪಿಸಿ ಹೆಸರಿಗೆ ದೂರು ಹಾಕಿ, ರೆಕ್ಟಿಫಿಕೇಷನ್ ಉಲ್ಲೇಖ ಸಂಖ್ಯೆ ಮತ್ತು 26ಎಎಸ್ ಪ್ರತಿ ಲಗತ್ತಿಸಿ. ಅದೂ ಆಗದಿದ್ದಲ್ಲಿ, ಜಮೆ ನಿರಾಕರಿಸಿದ 154ರ ಆದೇಶದ ವಿರುದ್ಧ 30 ದಿನದೊಳಗೆ ಫಾರ್ಮ್ 35ರಲ್ಲಿ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ನಿರ್ಧರಿತ ಆದಾಯ 2 ಲಕ್ಷ ದಾಟಿದ್ದರೆ ಶುಲ್ಕ 1,000 ರೂಪಾಯಿ.